ಹಕ್ಕಲಿಗೆ ನೇಗಿಲು ಬಂದ ವರ್ಷ

ನನ್ನಪ್ಪನಿಗೆ ಖಾಲಿ ನೆಲ ಕಂಡರೆ ಆಗುತ್ತಿರಲಿಲ್ಲ. ಹಗರೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ, ಕೆರೆ ಕೆಳಗೆ ನಮಗಿದ್ದದ್ದು ಒಂದೂವರೆ ಎಕರೆ. ತಗ್ಗಿನ ಮಡಿಗಳಲ್ಲಿ ಭತ್ತ, ಮೇಲಿನ ಮಡಿಗಳಲ್ಲಿ ನಾಟಿ ರಾಗಿ. ಕೊಯ್ಲು ಮುಗಿದ ಬೆನ್ನಿಗೇ ಹುರುಳಿಯೋ ಅವರೆಯೋ. ಬದುವಿನ ಮೇಲೂ ತೊಗರಿ ಇರುತ್ತಿತ್ತು. ಎರಡು ಎತ್ತು, ಒಂದು ಹಸು, ಅವುಗಳ ಸಗಣಿಯೆಲ್ಲ ತಿಪ್ಪೆಗೆ, ತಿಪ್ಪೆಯೆಲ್ಲ ಗದ್ದೆಗೆ. ಮನೆಯ ಎಲ್ಲರ ಬೆನ್ನೂ ಅಲ್ಲೇ ಬಾಗಿರುತ್ತಿತ್ತು. ಬೆಳೆದದ್ದನ್ನು ನಾವೇ ಉಣ್ಣುತ್ತಿದ್ದೆವು, ಮಾರಲು ಮಿಗುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಅಷ್ಟು ಚಿಕ್ಕ ನೆಲ ಅಷ್ಟು ಹೊಟ್ಟೆ ತುಂಬಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮದುವೆಯಾಗಿ ನಾನು ಬಂದದ್ದು ಬೇಲೂರಿನಿಂದ ಪಶ್ಚಿಮಕ್ಕೆ, ಕಾಡಿನ ಅಂಚಿಗೆ. ಅಲ್ಲಿ ಎಲ್ಲವೂ ತಿರುಗುಮುರುಗು. ಮಾವ ತೀರಿಕೊಳ್ಳುವ ಮೊದಲು ನೆಟ್ಟ ಕಾಫಿ ಮೂರೆಕರೆ. ಗಿಡ ಇಟ್ಟ ಮೇಲೆ ಫಸಲಿನ ಮುಖ ನೋಡಲು ವರ್ಷಗಟ್ಟಲೆ ಕಾಯಬೇಕು. ಅದೂ ಗೊಬ್ಬರದ ಚೀಲ, ಔಷಧಿ, ನೆರಳಿನ ಕೊಂಬೆ ಸವರುವ ಮರಗಸಿ, ಕೊಯ್ಲಿನ ಆಳು ಎಲ್ಲ ಹೊತ್ತುಹೊತ್ತಿಗೆ ಒದಗಿದರೆ. ಒಮ್ಮೆ ನೆಟ್ಟರೆ ಆ ನೆಲ ಒಂದು ತಲೆಮಾರಿಗೆ ಕಾಫಿಯದೇ, ಬೇರೆ ಏನೂ ಹಾಕುವ ಹಾಗಿಲ್ಲ. ಬಂದದ್ದನ್ನೆಲ್ಲ ಮಾರಿ, ಊಟಕ್ಕೆ ಅರಸೀಕೆರೆ ಕಡೆಯಿಂದ ಬರುವ ರಾಗಿ ಕೊಳ್ಳುತ್ತಿದ್ದರು. ಮೂರೆಕರೆ ಇಟ್ಟುಕೊಂಡು ರಾಗಿಗೆ ಅಂಗಡಿಗೆ ಹೋಗುವವರನ್ನು ಕಂಡು ನನಗೆ ಮೊದಮೊದಲು ನಗು ಬರುತ್ತಿತ್ತು.

ನಗು ನಿಂತದ್ದು ಎರಡು ಸಾವಿರದ ಇಸವಿಯ ಆಚೀಚೆ, ಕಾಫಿಯ ಬೆಲೆ ನೆಲಕಚ್ಚಿದಾಗ. ಮರದ ನೆರಳಲ್ಲಿ ಕೆಂಪು ಹಣ್ಣು ತುಂಬಿಕೊಂಡು ನಿಂತಿತ್ತು, ಅಡುಗೆಮನೆಯಲ್ಲಿ ರಾಗಿ ಡಬ್ಬ ತಳ ಕಾಣುತ್ತಿತ್ತು. ಆ ವರ್ಷದ ಊಟ ಎಲ್ಲಿಂದ ಎನ್ನುವುದೊಂದೇ ಮನೆಯವರ ಯೋಚನೆ. ಆಗ ನನ್ನ ಗಂಡನ ಕಣ್ಣು ಹಕ್ಕಲಿನ ಮೇಲೆ ಬಿತ್ತು.

ಹಕ್ಕಲು ಎಂದರೆ ಕಾಫಿ ತೋಟದ ಮೇಲುಗಡೆಗಿದ್ದ ಇಳಿಜಾರು. ಪಹಣಿಯಲ್ಲಿ ಅತ್ತೆಯ ಹೆಸರು, ನೋಡಲು ಕಾಡು. ಅತ್ತೆ ಚಿಕ್ಕವರಿದ್ದಾಗ ಅವರ ತವರಿನವರು ಇಂಥ ಇಳಿಜಾರುಗಳಲ್ಲಿ ಕುಮರಿ ಮಾಡುತ್ತಿದ್ದರಂತೆ: ಮರ ಕಡಿದು, ಒಣಗಿಸಿ, ಬೇಸಿಗೆಯಲ್ಲಿ ಬೆಂಕಿ ಕೊಟ್ಟು, ಬೂದಿಯ ಮೇಲೆ ಬೀಜ ಚೆಲ್ಲುವುದು. ಗೊಬ್ಬರವಿಲ್ಲ, ಎತ್ತಿಲ್ಲ, ನೇಗಿಲಿಲ್ಲ. ಎರಡು ಬೆಳೆ ತೆಗೆದು ಇನ್ನೊಂದು ಇಳಿಜಾರಿಗೆ ಹೋಗುವುದು. ಒಂದು ತುಂಡು ಬೆಳೆಯಬೇಕಾದರೆ ಹತ್ತು ತುಂಡು ಬೀಳು ಬಿದ್ದು ಮಲಗಿರಬೇಕು. ಮಲಗಿದ ನೆಲದ ಹತ್ತಿರ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವುದಂತೂ ನಿಷಿದ್ಧ. ಅತ್ತೆ ಹಕ್ಕಲಿನ ಪಕ್ಕ ಸೌದೆಗೆ ಹೋದರೂ ಪಿಸುಮಾತಿನಲ್ಲೇ ನನ್ನನ್ನು ಕರೆಯುತ್ತಿದ್ದರು. ನನಗದು ಹಿಡಿಸುತ್ತಿರಲಿಲ್ಲ. ಸಾಯಂಕಾಲದ ಹೊತ್ತು, ಮಂಜು, ಕಿವಿಯ ಹತ್ತಿರ ಪಿಸುಮಾತು.

ಅತ್ತೆ ಒಪ್ಪಿದರು, ಆದರೆ ಅವರ ರೀತಿಯಲ್ಲೇ ಆಗಬೇಕೆಂದರು. "ಬುಡ ಕೀಳಂಗಿಲ್ಲ. ಗುದ್ಲೀಲಿ ಗೀಚಿ ಬೀಜ ಹಾಕಿ ಸಾಕು. ಎಲ್ಡ್ ಬೆಳೆ ತಕ್ಕಂಡು ಎದ್ ಬಂದ್ಬುಡಾದು."

ಬೆಂಕಿ ಕೊಟ್ಟದ್ದು ಏಪ್ರಿಲ್‌ನಲ್ಲಿ. ಉರಿದದ್ದು ಒಂದೇ ದಿನ, ಆರಲು ಮಾತ್ರ ಎಷ್ಟೋ ದಿನ ಬೇಕಾಯಿತು. ಮೇಲೆ ಬೂದಿ ತಣ್ಣಗಾದ ಮೇಲೂ ಬೇರುಗಳು ನೆಲದೊಳಗೆ ಉರಿಯುತ್ತಲೇ ಇದ್ದವು. ಒಂದು ಬೆಳಿಗ್ಗೆ ನಾನು ನಿಂತ ಜಾಗದಿಂದ ಮಾರು ದೂರದಲ್ಲಿ, ಬುಡವೇ ಇಲ್ಲದ ಬರೀ ನೆಲದಿಂದ, ಸಣ್ಣಗೆ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಅಲ್ಲಿ ನಿಂತು ಇನ್ನೊಂದು ಕಡೆ ಎದ್ದಿತು. ಯಾರೋ ಕೆಳಗೆ ಕುಳಿತು ಬೀಡಿ ಸೇದುತ್ತಾ ಜಾಗ ಬದಲಾಯಿಸುತ್ತಿರುವ ಹಾಗೆ. ಹಕ್ಕಿಗಳ ಸದ್ದೇ ಇರಲಿಲ್ಲ. ನಾನು ಸೆರಗು ಬಿಗಿದುಕೊಂಡು ಮನೆಗೆ ಬಂದೆ.

ಆದರೆ ರಾಗಿ! ಅಂಥ ರಾಗಿಯನ್ನು ನನ್ನಪ್ಪನ ಗದ್ದೆಯಲ್ಲೂ ನಾನು ಕಂಡಿರಲಿಲ್ಲ. ಸಗಣಿಯ ಒಂದು ಪುಟ್ಟಿಯನ್ನೂ ಹೊರದೆ, ಒಂದು ಸಲ ಕಳೆ ಕಿತ್ತದ್ದಕ್ಕೆ, ಕಪ್ಪಗೆ ಕಾಣುವಷ್ಟು ಹಸಿರು, ಮುಷ್ಟಿಯಂಥ ತೆನೆ. ನಡುನಡುವೆ ಸುಟ್ಟ ಬುಡಗಳು ಮಂಜಿನಲ್ಲಿ ಮನುಷ್ಯರ ಹಾಗೆ ನಿಂತಿರುತ್ತಿದ್ದವು. ಕೊಯ್ಯುವಾಗ ತಲೆ ಎತ್ತಿದರೆ ಒಬ್ಬರು ಹೆಚ್ಚಾದಂತೆ ಅನ್ನಿಸುತ್ತಿತ್ತು. ಆ ವರ್ಷ ಹೊಟ್ಟೆ ತುಂಬ ಉಂಡೆವು. ಮರುವರ್ಷದ ಬೆಳೆ ಅದರ ಅರ್ಧವೂ ಬರಲಿಲ್ಲ. ಬೂದಿ ಮುಗಿದಿತ್ತು, ಕಳೆ ಎದ್ದಿತ್ತು.

ಆ ಎರಡನೇ ಕೊಯ್ಲಿಗೆ ಅಪ್ಪ ಬಂದಿದ್ದ. ಹಕ್ಕಲನ್ನು ಒಂದು ಸುತ್ತು ಹಾಕಿ, ಮಣ್ಣು ಕೈಗೆತ್ತಿಕೊಂಡು ಮೂಸಿ ನೋಡಿದ.

"ಇಷ್ಟ್ ಚೆಂದದ್ ಮಣ್ಣ ಬುಟ್ಟು ಹೋಯ್ತೀರಾ?" ಎಂದ ಅತ್ತೆಗೆ. "ಇದಕ್ಕೆ ಆರೈಕೆ ಇಲ್ಲ, ಅದ್ಕೇ ಕೊಡ್ತಿಲ್ಲ ಕಣಕ್ಕಾ. ಉತ್ತು, ಗೊಬ್ರ ಕೊಟ್ರೆ ವರ್ಸ ವರ್ಸ ಕೊಡ್ತೈತೆ."

"ಅದು ಮಲಗೋ ಹೊತ್ತು ಬೀಗರೇ," ಎಂದರು ಅತ್ತೆ.

"ನೆಲ ಮಲಗಿದ್ರೆ ನಾವ್ ಉಣ್ಣೋದ್ಯಾವಾಗ? ನಿಮ್ಮಂಗೆ ಹತ್ ಪಾಲು ಮಲಗ್ಸೋಕೆ ನಂಗೆ ನೆಲ ಎಲ್ಲೈತೆ?"

ಅತ್ತೆಗೂ ಈಗ ಇದ್ದದ್ದು ಒಂದೇ ತುಂಡು; ಅದನ್ನು ಬಿಟ್ಟರೆ ಹೋಗಲು ಇನ್ನೊಂದು ಇಳಿಜಾರಿರಲಿಲ್ಲ. ಕಾಫಿ ಬೆಲೆ ಏಳುವ ಲಕ್ಷಣವೂ ಕಾಣುತ್ತಿರಲಿಲ್ಲ. ಅಪ್ಪನ ಮಾತೇ ನಡೆಯಿತು.

ಮೂರನೇ ವರ್ಷ ಮೊದಲ ಮಳೆಗೆ ಅಪ್ಪ ಎತ್ತು, ನೇಗಿಲು, ಗಾಡಿ ತುಂಬ ಗೊಬ್ಬರ ತಂದ. ತನ್ನ ಗದ್ದೆಯ ಗೊಬ್ಬರವನ್ನೇ ಬಗೆದು ತಂದಿದ್ದ. ಬುಡಗಳನ್ನು ಹಾರೆ ಹಾಕಿ ಎಬ್ಬಿಸಿದ. ಸಮನೆಲದಲ್ಲಿ ಉತ್ತು ಬೆಳೆದವನು, ಸಾಲು ನೆಟ್ಟಗಿರಬೇಕೆಂದು ಇಳಿಜಾರಿನುದ್ದಕ್ಕೂ ಮೇಲಿನಿಂದ ಕೆಳಕ್ಕೆ ಹೊಡೆದ. ನಡುವೆ ಒಂದು ಕಡೆ ಎತ್ತುಗಳು ನಿಂತವು. ಕಿವಿ ನಿಮಿರಿಸಿ ನೆಲ ನೋಡುತ್ತಿದ್ದವು. ಅಪ್ಪ ಬಾಲ ತಿರುಚಿದ, ಬೈದ, ಅವು ಅಲುಗಲಿಲ್ಲ. ಕೊನೆಗೆ ಎಡಗಡೆಯ ಎತ್ತು ಒಂದು ಹೆಜ್ಜೆ ಇಟ್ಟಿತು, ಇಟ್ಟ ಕಾಲು ಮೊಣಕಾಲಿನವರೆಗೆ ಒಳಕ್ಕೆ ಹೋಯಿತು. ಬಗ್ಗಿ ನೋಡಿದರೆ ತೋಳು ತೂರುವಷ್ಟು ಅಗಲದ ಬಿಲ. ಒಳಗೋಡೆಯೆಲ್ಲ ಇದ್ದಿಲು. ಬೇರು ಉರಿದುಹೋಗಿ ಅದರ ಜಾಗ ಟೊಳ್ಳಾಗಿ ಉಳಿದಿತ್ತು. ಅಪ್ಪ ಅದಕ್ಕೆ ಮಣ್ಣು ತುಂಬಿ, ತುಳಿದು, ಮುಂದಕ್ಕೆ ಹೊಡೆದ. ಅಂಥವು ಇನ್ನೆಷ್ಟಿದ್ದವೋ.

ಪೈರು ಗೇಣುದ್ದ ಬಂದಿತ್ತು. ಆಷಾಢದ ಮಳೆ ಹಿಡಿದು ಬಿಡದೆ ಸುರಿಯುತ್ತಿತ್ತು. ಪೈರು ನೋಡಿ ಹೋಗಲು ಬಂದ ಅಪ್ಪ ಮಳೆಗೆ ನಮ್ಮಲ್ಲೇ ಉಳಿದಿದ್ದ. ಒಂದು ಮಧ್ಯಾಹ್ನ ಅತ್ತೆ ನಡುಮನೆಯಲ್ಲಿ ಕೈ ಎತ್ತಿ ನಮ್ಮೆಲ್ಲರ ಮಾತು ನಿಲ್ಲಿಸಿದರು. ಮಳೆಯ ಸದ್ದಿನ ಕೆಳಗೆ ಇನ್ನೊಂದು ಸದ್ದಿತ್ತು. ಬಾಯಾರಿದವರು ಚೊಂಬೆತ್ತಿ ಕುಡಿಯುವಾಗ ಗಂಟಲಲ್ಲಿ ಬರುವ ಸದ್ದು. ಅದು ಹಕ್ಕಲಿನಿಂದ ಬರುತ್ತಿತ್ತು.

ನೀರು ನಿಂತಿರಬೇಕು, ದಾರಿ ಬಿಡಿಸಿ ಬರುತ್ತೇನೆಂದು ಅಪ್ಪ ಗೊರಬು ತಲೆಗೇರಿಸಿ ಗುದ್ದಲಿ ಹಿಡಿದು ಹೊರಟ. ನಾನೂ ಹಿಂದೆಯೇ ಹೋದೆ. ತೋಟದ ಬೇಲಿ ದಾಟುವಷ್ಟರಲ್ಲಿ ಅಪ್ಪ ಆಗಲೇ ಪೈರಿನ ನಡುವೆ ಇದ್ದ. ಮೇಲೆ ನೀರು ಎಲ್ಲೂ ನಿಂತಿರಲಿಲ್ಲ. ಸುರಿದದ್ದೆಲ್ಲ ನೇಗಿಲ ಸಾಲು ಹಿಡಿದು ಬಂದು ಒಳಕ್ಕೆ ಇಳಿಯುತ್ತಿತ್ತು. ನೆಲ ಕುಡಿಯುತ್ತಿತ್ತು.

ಕೂಗಬೇಕೆಂದು ಬಾಯಿ ತೆರೆದೆ. ಅಲ್ಲಿ ಕೂಗಬಾರದೆಂಬುದು ಅಷ್ಟು ವರ್ಷದಲ್ಲಿ ನನ್ನ ಮೈಗೂ ಹತ್ತಿತ್ತೋ ಏನೋ, ದನಿ ಏಳಲಿಲ್ಲ. ಅಷ್ಟರಲ್ಲಿ ಹಕ್ಕಲು ನಡೆಯತೊಡಗಿತು. ಅದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಪೈರು ಬಾಗಲಿಲ್ಲ, ಸಾಲು ಕೆಡಲಿಲ್ಲ. ಹೊಲಕ್ಕೆ ಹೊಲವೇ, ಮೇಲೆ ನಿಂತ ಅಪ್ಪನ ಸಮೇತ, ಸದ್ದಿಲ್ಲದೆ ಕೆಳಕ್ಕೆ ಬಂತು. ಅಪ್ಪ ಬಸ್ಸಿನಲ್ಲಿ ನಿಂತವನ ಹಾಗೆ ಕಾಲು ಅಗಲಿಸಿಕೊಂಡು, ಗುದ್ದಲಿ ಊರಿಕೊಂಡು, ನನ್ನನ್ನೇ ನೋಡುತ್ತಾ ಬಂದ. ಅವನ ಮುಖದಲ್ಲಿ ಭಯವೂ ಇರಲಿಲ್ಲ.

ತೋಟದ ನೆರಳಿನ ಮರಗಳು ಅದನ್ನು ತಡೆದವು. ಮಾವ ಉಳಿಸಿಕೊಂಡಿದ್ದ ಹಳೆಯ ಮರಗಳು. ಅವುಗಳ ಬೇರು ಹಿಡಿದ ನೆಲ ಕದಲಲಿಲ್ಲ. ಮೇಲಿನ ಸಾಲುಗಳ ಕಾಫಿ ಗಿಡಗಳು ಕತ್ತಿನವರೆಗೆ ಹೂತುಹೋದವು. ಅಪ್ಪ ಸೊಂಟದವರೆಗೆ ಹೂತಿದ್ದ. ನಾನೂ ಹಿಂದೆ ಓಡಿಬಂದ ನನ್ನ ಗಂಡನೂ ಕೈಯಲ್ಲಿ ಮಣ್ಣು ಬಗೆದು ಎಳೆದೆವು. ಸುತ್ತ ಪೈರು ಏನೂ ಆಗದಂತೆ ನಿಂತಿತ್ತು. ಎರಡು ದಿನಕ್ಕೆ ಅದೂ ಹಳದಿಯಾಯಿತು.

ಮಳೆ ಬಿಟ್ಟ ಮೇಲೆ ಕಿತ್ತುಹೋದ ಜಾಗ ನೋಡಲು ಅತ್ತೆ ನಮ್ಮನ್ನು ಕರೆದುಕೊಂಡು ಹೋದರು. ಹಕ್ಕಲಿನ ತಗ್ಗಿನಲ್ಲಿ ಮಣ್ಣು ಗೋಡೆಯ ಹಾಗೆ ಕತ್ತರಿಸಿ ನಿಂತಿತ್ತು. ಅದರಲ್ಲಿ ಅಡ್ಡಡ್ಡ ಕಪ್ಪು ಗೆರೆಗಳು. ಗೆರೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಗೆರೆ, ಕೆಳಗೆ ಕೆಳಗೆ ಹಾಗೇ. ಅತ್ತೆ ಬೆರಳಿಟ್ಟರೆ ಬೆರಳಿಗೆ ಇದ್ದಿಲು ಹತ್ತಿತು.

"ಇವೆಲ್ಲ ಬೆಂಕಿ ಕೊಟ್ಟಿದ್ದು," ಎಂದರು ಮೆಲ್ಲಗೆ. "ನಮ್ಮವ್ರೋ, ಅವ್ರಿಗಿಂತ ಹಿಂದ್ಲೋರೋ. ನಡುವ್ಲ ಮಣ್ಣು, ನೆಲ ಮಲಗಿದ್ದ ಕಾಲ."

ಯಾರೆಂದು ಗೊತ್ತಿಲ್ಲದ ಅಷ್ಟು ಜನ ನಮ್ಮ ಕಾಲ ಕೆಳಗೆ ಒಬ್ಬರ ಮೇಲೊಬ್ಬರು ಬಂದು ಹೋಗಿದ್ದರು. ಪ್ರತಿಸಲವೂ ಬಿಟ್ಟು ಹೋಗಿದ್ದರು, ಅದಕ್ಕೇ ಇನ್ನೊಬ್ಬರು ಬರಲು ಸಾಧ್ಯವಾಗಿತ್ತು. ನಾವು ಎರಡು ವರ್ಷ ಉಂಡು, ಮೂರನೆಯ ವರ್ಷಕ್ಕೆ ಎಲ್ಲವನ್ನೂ ಕಳೆದಿದ್ದೆವು. ಅಪ್ಪನೂ ಆ ಗೆರೆಗಳ ಮೇಲೆ ಬೆರಳಾಡಿಸಿದ. ಊರಿಗೆ ಹೊರಡುವಾಗ ಅತ್ತೆಗೆ, "ರಾಗಿ ನಾನ್ ಕಳಿಸ್ತೀನಿ ಕಣಕ್ಕಾ, ಇದ ಬುಟ್ಬುಡಿ," ಎಂದಷ್ಟೇ ಹೇಳಿದ.

ಹಕ್ಕಲನ್ನು ಬಿಟ್ಟೆವು. ಅಂದಿನಿಂದ ಅಪ್ಪನ ಒಂದೂವರೆ ಎಕರೆ ಎರಡು ಮನೆಗೆ ಉಣ್ಣಿಸಬೇಕಾಯಿತು. ಸುಗ್ಗಿ ಮುಗಿದ ಮೇಲೆ ಹಗರೆಯಿಂದ ಬಸ್ಸಿನ ಟಾಪಿನ ಮೇಲೆ ಮೂಟೆ ಬರುತ್ತಿತ್ತು. ಮರುವರ್ಷ ರಾಗಿ ಕೊಯ್ಲಾದ ಮೇಲೆ ನಾನು ತವರಿಗೆ ಹೋದಾಗ ಅವ್ವ ಒಂದು ಮಾತು ಹೇಳಿದಳು: ಅಪ್ಪ ಆ ಸಲ ಮೇಲಿನ ಒಂದು ಮಡಿಯನ್ನು ಏನೂ ಬಿತ್ತದೆ ಬಿಟ್ಟಿದ್ದನಂತೆ. ಊರಿನವರು ನಕ್ಕರಂತೆ. ಆಮೇಲೆ ನಮಗೆ ಕಳಿಸುವ ಮೂಟೆಗೆ ರಾಗಿ ಸಾಲುವುದಿಲ್ಲವೆಂದು ಕಂಡಾಗ, ಅದಕ್ಕೂ ಗೊಬ್ಬರ ಹಾಕಿ ತಡವಾಗಿ ಪೈರು ನೆಟ್ಟನಂತೆ. ಗೊಬ್ಬರ ಮೊದಲಿಗಿಂತ ಹೆಚ್ಚು ಹಾಕುತ್ತಿದ್ದಾನೆ, ಬೆಳಗಿನಿಂದ ಕತ್ತಲೆಯವರೆಗೆ ಗದ್ದೆಯಲ್ಲೇ ಇರುತ್ತಾನೆ, ಬರುವ ರಾಗಿ ಮಾತ್ರ ಮೊದಲಿಗಿಂತ ಒಂದಿಷ್ಟೇ ಜಾಸ್ತಿ ಎಂದಳು.

ಬುತ್ತಿ ತೆಗೆದುಕೊಂಡು ಗದ್ದೆಗೆ ಹೋದೆ. ಅಪ್ಪ ಆ ಮಡಿಯನ್ನು ಹುರುಳಿಗೆ ಉಳುತ್ತಿದ್ದ. ಎತ್ತು ನಿಲ್ಲಿಸಿ, ಮಂಡಿಯೂರಿ, ಕಿವಿಯನ್ನು ನೆಲಕ್ಕಿಟ್ಟಿದ್ದ.

"ಏನಪ್ಪಾ?" ಎಂದೆ.

ಎದ್ದು ಕೆನ್ನೆಯ ಮಣ್ಣು ಒರೆಸಿಕೊಂಡ. "ಏನೂ ಇಲ್ಲ ಕಣವ್ವ. ನಿಮ್ ಹಕ್ಕಲು ಸಾಕು ಅಂತ ಹೇಳ್ತು. ಇದು ಏನೂ ಹೇಳಾಕಿಲ್ಲ. ಸುಮ್ಕೆ ಕೊಡ್ತಾನೇ ಐತೆ."

ನಾನು ಬುತ್ತಿ ಬಿಚ್ಚಿದೆ. ಅವನು ಮೊದಲು ಆ ಸಾಲು ಮುಗಿಸಿಬಿಡುತ್ತೇನೆಂದು ನೇಗಿಲು ಹಿಡಿದ.