ಹತ್ತು ನಿಮಿಷದ ಅಧ್ಯಕ್ಷರೇ

ಯಾವ ಮಾತನ್ನೂ ನೇರವಾಗಿ ವಿಷಯದಿಂದ ಶುರು ಮಾಡಬಾರದು ಎಂಬುದು ನಾಗರಿಕತೆಯ ಅಡಿಪಾಯ. ಇಂಗ್ಲೆಂಡಿನಲ್ಲಿ ಈ ಅಡಿಪಾಯಕ್ಕೆ, ಅದರ ಮೇಲೆ ಕಟ್ಟುವ ಮನೆಯೂ ಸೇರಿ, ಹತ್ತೇ ನಿಮಿಷ ಕೊಡುತ್ತಾರೆ.

ನಾನು ಅಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೆ. ಮೊದಲ ಸೆಮಿನಾರ್ ಪ್ರೆಸೆಂಟೇಶನ್‌ನಲ್ಲಿ ಪಾಸಾಗದಿದ್ದರೆ ಆ ವಿಷಯವೇ ಫೇಲು. ನನ್ನದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ: ಕೂಗುವ ಹರಾಜು ಹೋಗಿ ಇ-ಹರಾಜು ಬಂದ ಮೇಲೆ ಬೆಳೆಗಾರನಿಗೆ ಏನು ದಕ್ಕಿತು? ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ಭಯವಿದ್ದದ್ದು ಇಂಗ್ಲಿಷಿನದು. ಕ್ರಿಸ್‌ಮಸ್ ರಜೆಗೆ ಬಂದಾಗ ಚನ್ನಪಟ್ಟಣದಲ್ಲಿದ್ದ ಸೋದರಮಾವನ ಮುಂದೆ ಅಭ್ಯಾಸಕ್ಕೆ ನಿಂತೆ. ಅವರು ನಿವೃತ್ತ ಹೆಡ್‌ಮಾಸ್ಟರು. ಸುತ್ತಲಿನ ಸಮಾರಂಭಗಳೆಲ್ಲ ಅವರ ಸ್ವಾಗತ ಭಾಷಣದಿಂದಲೇ ಆರಂಭವಾಗಿದ್ದವು.

ಮೊದಲ ವಾಕ್ಯಕ್ಕೇ ತಡೆದರು. "ಏನ್ಲಾ, ಎದ್ದೇಟ್ಗೆ ರೇಷ್ಮೆ ಅಂತ ಶುರು ಮಾಡ್ಬುಟ್ಟೆ? ಬೆಂಕಿ ಬಿದ್ದ ಸುದ್ದಿ ಹೇಳೋಕ್ ಬಂದಿದ್ದೀಯಾ? ಅಧ್ಯಕ್ಷರೆಲ್ಲಿ?"

"ಅಲ್ಲಿ ಅಧ್ಯಕ್ಷರಿರಲ್ಲ ಮಾವ. ಒಬ್ರು ಪ್ರೊಫೆಸರು, ಹನ್ನೆರಡು ಜನ ಹುಡುಗ್ರು."

"ಹನ್ನೆರಡೇ ತಾನೆ? ಒಬ್ಬೊಬ್ಬರ್ನೂ ಒಸಿ ನೆನೆಸ್ಕೊ. ಮೈಕಿನೋನ್ನ ಮರೀಬ್ಯಾಡ."

ಅತ್ತೆ ಒಳಗಿಂದ, "ಕಾಫಿ ಕೊಟ್ಟೋರ್ಗೂ ಹೇಳ್ಲಿ" ಎಂದರು.

ಜನವರಿಯಲ್ಲಿ ತರಗತಿಯ ಮುಂದೆ ನಿಂತೆ. ಗೌರವಾನ್ವಿತ ಪ್ರೊಫೆಸರರಿಗೆ ವಂದಿಸಿದೆ. ಕಾರ್ಯಬಾಹುಳ್ಯದಿಂದ ಬಾರದ ಡೀನ್ ಅವರನ್ನು ಸ್ಮರಿಸಿದೆ. ಅವರನ್ನು ಯಾರೂ ಕರೆದಿರಲಿಲ್ಲ. ಬಳಿಕ ಸಹಪಾಠಿಗಳನ್ನು ಒಬ್ಬೊಬ್ಬರಾಗಿ ಹೆಸರಿಸತೊಡಗಿದೆ. ಮೊದಲನೆಯವಳು ಏನೋ ಹಾಜರಿ ಎಂದುಕೊಂಡು ಕೈ ಎತ್ತಿದಳು. ಎರಡನೆಯವನು ಎದ್ದೇ ನಿಂತ. ಆಮೇಲೆ ಎಲ್ಲರೂ ತಮ್ಮ ಸರದಿ ಬಂದಂತೆ ಎದ್ದರು. ಕೂರುವಂತೆ ಹೇಳಲು ನನಗೆ ತೋಚಲಿಲ್ಲ. ಪ್ರೊಜೆಕ್ಟರ್ ನಡೆಸುತ್ತಿದ್ದವರಿಗೂ ಹೃತ್ಪೂರ್ವಕ ಕೃತಜ್ಞತೆ ಅರ್ಪಿಸಿದೆ. ಅದನ್ನು ನಡೆಸುತ್ತಿದ್ದವನು ನಾನೇ.

ರೇಷ್ಮೆಗೂಡು ಪರದೆಗೆ ಬರುವಷ್ಟರಲ್ಲಿ ಪ್ರೊಫೆಸರ್ "ಸಮಯ ಮುಗಿಯಿತು" ಎಂಬ ಚೀಟಿ ಎತ್ತಿ ಹಿಡಿದರು. ಇಡೀ ತರಗತಿ ನಿಂತಿತ್ತು.

"ನಿಮ್ಮ ವಾದವೇನು?" ಎಂದು ಮೃದುವಾಗಿ ಕೇಳಿದರು.

ನಮ್ಮ ಶಾಲೆಯಲ್ಲಿ ಮೇಡಂ ಪ್ರಶ್ನೆ ಕೇಳಿದರೆ ಎದ್ದು ನಿಂತು ತಲೆ ತಗ್ಗಿಸುವುದು ರೂಢಿ. ಎದ್ದು ನಿಂತಾಗಿತ್ತು. ತಲೆ ತಗ್ಗಿಸಿದೆ.

ಲಿಖಿತ ಅಭಿಪ್ರಾಯ ಬಂತು: ಶ್ರೋತೃಗಳ ಬಗ್ಗೆ ಕಾಳಜಿ ಅಸಾಧಾರಣ, ವಾದ ಪತ್ತೆಯಾಗಲಿಲ್ಲ, ಇಂಗ್ಲಿಷಿನಲ್ಲಿ ತೊಂದರೆಯಿಲ್ಲ. ಫೇಲು. ಮರುಪ್ರಯತ್ನಕ್ಕೆ ಒಂದು ಅವಕಾಶ. ಮೊದಲ ವಾಕ್ಯವೇ ವಾದವಾಗಿರಲಿ ಎಂದು ಸಲಹೆ.

ಮಾವನಿಗೆ ಫೋನ್ ಮಾಡಿದೆ. ಸಲಹೆಯನ್ನೂ ಓದಿ ಹೇಳಿದೆ. "ವಂದನಾರ್ಪಣೆನಾದ್ರೂ ಐತಾ?"

"ಇಲ್ಲ ಮಾವ. ಕೊನೇಲಿ ಥ್ಯಾಂಕ್ಯೂ ಅಂತ ಒಂದ್ ಸ್ಲೈಡು."

"ಅನಾಗರಿಕ ಜನ ಕಣ್ಲಾ. ಹೋಗ್ಲಿ, ಅವರಿಷ್ಟದಂಗೇ ಮಾಡು."

ಎರಡನೆಯ ಸಲ, ಗೂಡಿನ ಬೆಲೆ ಒಪ್ಪುವ, ಬಿಡುವ ಅಧಿಕಾರ ಬೆಳೆಗಾರನ ಕೈಯಲ್ಲಿದ್ದಾಗ ಮಾತ್ರ ಇ-ಹರಾಜು ಅವನಿಗೆ ನೆರವಾಗುತ್ತದೆ ಎಂದು ಆರಂಭಿಸಿದೆ. ಯಾರೂ ಎದ್ದು ನಿಲ್ಲಲಿಲ್ಲ. ಪಾಸಾದೆ. ಮರುಪ್ರಯತ್ನಕ್ಕೆ ಪಾಸಿನ ಕನಿಷ್ಠ ಅಂಕಕ್ಕಿಂತ ಹೆಚ್ಚು ಕೊಡುವಂತಿಲ್ಲವಾದ್ದರಿಂದ ಐವತ್ತನ್ನಷ್ಟೇ ಕೊಟ್ಟರು.