ಬಬಲೇಶ್ವರದ ಕಂಬಗಳು, ಹದಿನೈದರ ಗೆರೆ

ವಿಜಯಪುರದ ನಮ್ಮ ಬೈಕ್ ಶೋರೂಮಿನ ವಾಟ್ಸಾಪ್ ಗ್ರೂಪಿಗೆ ಆ ಮಾರಾಟದ ಚಿತ್ರ ಬಂದಾಗ ನಾನು ಅದರ ಬಬಲೇಶ್ವರದ ಕೌಂಟರಿನಲ್ಲಿ ಕೂತಿದ್ದೆ. ಅಂದು ಸಂತೆ. ಜೀಪುಗಳ ಹಾರ್ನಿಗೆ ಎದುರಿಗೆ ಕೂತವರ ಮಾತೂ ಕೇಳುತ್ತಿರಲಿಲ್ಲ. ಚಿತ್ರದಲ್ಲಿ ಆರು ನೀಲಿ ಕಂಬಗಳು, ಎಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು. ಕಂಬ ಎಂದರೆ ನಾವು ಮಾರಿದ ಬೈಕು. ಅವುಗಳ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ಕೇಸರಿ ಗೆರೆ. ಅದು ಟಾರ್ಗೆಟ್. ಆರು ಕಂಬಗಳಲ್ಲಿ ಒಂದೂ ಗೆರೆಯನ್ನು ಮುಟ್ಟಿರಲಿಲ್ಲ.

ಚಿತ್ರದ ಹಿಂದೆಯೇ ಗ್ರೂಪಿಗೆ ಮಾಲೀಕರ ವಾಯ್ಸ್ ಮೆಸೇಜು ಬಂತು. "ಬಬಲೇಶ್ವರ ಒಂದ್ ತಿಂಗಳ ಸೈತ ಗೆರಿ ಮುಟ್ಟಿಲ್ಲ. ನಾಳೆ ಬಿಜಾಪುರಕ್ಕ ಬರ್ರಿ. ಮಹಾನವಮಿ ಮಾಲ್ ಇಳಿಸೂಕಿಂತ ಮೊದಲ ಆ ಕೌಂಟರ್ ಇಡೂದೋ ಮುಚ್ಚೂದೋ ನೋಡಿಬಿಡೂಣು."

ನಾನು ಅದನ್ನು ಮೂರು ಸಲ ಕೇಳಿಸಿಕೊಂಡೆ. ಮೆಕ್ಯಾನಿಕ್ ಕಾಕಾ ಕೈಯೊರೆಸಿಕೊಳ್ಳುತ್ತ ಒಳಗೆ ಬಂದು ನನ್ನ ಮುಖ ನೋಡಿದರು.

"ಏನಾತ್ಬೇ? ಯಾರರ ಗಾಡಿ ಬಿದ್ದು ಬಂದ್ರೇನು?"

"ನಮ್ ಗಾಡೀನ ಬಿದ್ದೈತಿ ಕಾಕಾ" ಅಂದು ಚಿತ್ರ ತೋರಿಸಿದೆ.

ಅವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಮಳಿಗಾಲದಾಗೂ ಗಾಡಿ ಮಾರಿದ್ವಲ್ಲ. ಇವರಿಗೆ ಎಷ್ಟ್ ಮಾರಬೇಕಂತ?"

"ಹದಿನೈದು ಅಂದಿದ್ರು."

"ಅದಕ್ಕಿಂತ ಕಡಿಮಿ ಯಾವ ತಿಂಗಳ ಮಾರೀವಿ?"

ಯಾವ ತಿಂಗಳೂ ಇಲ್ಲ. ಎಪ್ರಿಲ್‌ನಲ್ಲಿ ಇಪ್ಪತ್ತೆರಡು, ಮದುವೆಯ ಕಾಲ. ಆಮೇಲೆ ಇಪ್ಪತ್ತು, ಹತ್ತೊಂಬತ್ತು. ಜುಲೈನಲ್ಲಿ ಹದಿನಾರಕ್ಕಿಳಿದು, ಆಗಸ್ಟ್‌ನಲ್ಲಿ ಹದಿನೇಳು, ಸೆಪ್ಟೆಂಬರ್‌ನಲ್ಲಿ ಇಪ್ಪತ್ತೊಂದು. ಈ ಅಂಕಿಗಳನ್ನು ನಾನು ಪುಸ್ತಕ ತೆರೆಯದೆ ಹೇಳಬಲ್ಲವಳಾಗಿದ್ದೆ. ಹಾಗಿದ್ದರೂ ಚಿತ್ರ ಬೇರೆಯದನ್ನೇ ಹೇಳುತ್ತಿತ್ತು. ನನಗೆ ತಿಳಿಸದೆ ಟಾರ್ಗೆಟ್ ಏರಿಸಿದರೇ? ನಾನು ಕಳಿಸಿದ ಅಂಕಿ ತಪ್ಪಿ ಬಿದ್ದವೇ? ವಿಜಯಪುರದ ಆಫೀಸಿನಲ್ಲಿ ಲೆಕ್ಕ ನೋಡುವ ಅಕ್ಕಾರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ.

ಮಾಲೀಕರಿಗೇ ಹಚ್ಚಿ, "ಸರ್, ನಮ್ ಟಾರ್ಗೆಟ್ ಹದಿನೈದರೀ" ಅಂದೆ.

"ಚಿತ್ರ ನೋಡಬೇ ಯವ್ವಾ. ಕಣ್ಣಿಗೆ ಕಾಣಾಕತ್ತೈತಲ್ಲ. ನಾಳೆ ಬಾ" ಅಂದು ಇಟ್ಟರು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಅವ್ವ ದ್ರಾಕ್ಷಿ ತೋಟದ ಕೂಲಿಗೆ ಹೋಗಿ ನನ್ನನ್ನು ಬಿ.ಕಾಂ. ಓದಿಸಿದಳು. ನಮ್ಮೂರು ಕಾಖಂಡಕಿಯಿಂದ ಬಸ್ಸಿನ ಬಾಗಿಲಲ್ಲಿ ನಿಂತು ನಾನು ಕಾಲೇಜು ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆ ಇದೆ. ಶೋರೂಮಿಗೆ ಸೇರಿದಾಗ ನನ್ನನ್ನು ಫೋನಿನ ಮುಂದೆ ಕೂರಿಸಿದ್ದರು. ನಿಮ್ಮ ಗಾಡಿಯ ಸರ್ವೀಸ್ ದಿನ ಬಂದಿದೆ ಎಂದು ದಿನವಿಡೀ ಹೇಳುವ ಕೆಲಸ. ಅಲ್ಲಿಂದ ಎದ್ದು ಬಬಲೇಶ್ವರದ ಇನ್‌ಚಾರ್ಜ್ ಕುರ್ಚಿಗೆ ಬರುವುದು ಸುಲಭವಿರಲಿಲ್ಲ. ಕೌಂಟರ್ ಮುಚ್ಚಿದರೆ ನಾನು ಮತ್ತೆ ಆ ಫೋನಿಗೇ. ಕೆಲಸ ಹೋಗುವುದಿಲ್ಲ, ಆದರೆ ಕುರ್ಚಿ ಹೋಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಕೆಳಗಿನಿಂದ ಹತ್ತಿ ಬಂದವರಿಗೆ ಗೊತ್ತು.

ಮರುದಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಎಡಬದಿಯ ಅಂಕಿ ಕಂಡವು: ಐದು, ಹತ್ತು, ಹೀಗೆ ಇಪ್ಪತ್ತೈದರವರೆಗೆ. ಕಂಬಗಳು ಸರಿಯಿದ್ದವು, ಎಪ್ರಿಲ್ ಇಪ್ಪತ್ತೆರಡರ ಹತ್ತಿರವೇ ನಿಂತಿತ್ತು. ಗೆರೆ ಮಾತ್ರ ಇಪ್ಪತ್ತಮೂರರ ಮೇಲಿತ್ತು. ಬಲಬದಿಯಲ್ಲೂ ಏನೋ ತಿಳಿ ಬೂದು ಬಣ್ಣದಲ್ಲಿತ್ತು, ದೊಡ್ಡದು ಮಾಡಿದಷ್ಟೂ ಮಸುಕಾಯಿತು. ಹಾಗಾದರೆ ಟಾರ್ಗೆಟ್ ಏರಿಸಿದ್ದಾರೆ ಎಂದೇ ತಿಳಿದೆ. ಸಿಟ್ಟು ಬಂತು, ಸಿಟ್ಟಿನ ಹಿಂದೆ ಅಂಜಿಕೆ.

ಆಫೀಸಿನ ಬಾಗಿಲಲ್ಲೇ ತಿಕೋಟಾ ಕೌಂಟರಿನ ಇನ್‌ಚಾರ್ಜ್ ಅಣ್ಣ ಚಹಾ ಕುಡಿಯುತ್ತ ನಿಂತಿದ್ದ. ಅವನ ಚಿತ್ರವೂ ಗ್ರೂಪಿಗೆ ಬಂದಿತ್ತು. ಅವನ ಕಂಬಗಳೂ ಗೆರೆಯ ಕೆಳಗೇ ಇದ್ದವು, ಆದರೆ ಕೂದಲೆಳೆಯಷ್ಟು.

"ಬಾ ತಂಗಿ. ಫೋನ್ ಟೇಬಲ್ ಒರಸಿ ಇಟ್ಟಾರ ನಿನಗ" ಅಂದ.

"ನಿಂದೂ ಗೆರಿ ಮುಟ್ಟಿಲ್ಲಲ್ಲೋ ಅಣ್ಣಾ."

"ನಂದು ಮುಟ್ಟಿಲ್ಲ ಖರೆ, ಮುಟ್ಟಾಕ ಕೈ ಚಾಚೈತಿ. ನಿಂದು ಮಕ್ಕೊಂಡೈತಿ."

ನೆಟ್ಟಗೆ ಅಕ್ಕಾರ ಟೇಬಲ್ಲಿಗೆ ಹೋದೆ. ಅವರ ಸುತ್ತ ಇನ್ಶೂರೆನ್ಸ್ ಕಾಗದಗಳ ರಾಶಿ. "ಫೋನ್ ನೋಡೀನವಾ, ಎತ್ತಾಕ ಕೈ ಖಾಲಿ ಇದ್ದಿಲ್ಲ" ಅಂದರು.

"ಅಕ್ಕಾರ, ನಮ್ ಟಾರ್ಗೆಟ್ ಯಾವಾಗ ಏರಿಸಿದ್ರಿ?"

"ಯಾರು ಏರ್ಸ್ಯಾರ? ಹದಿನೈದ ಐತಿ, ನೋಡು." ಎಕ್ಸೆಲ್ ಹಾಳೆ ತೆರೆದರು. ಮೊದಲ ಕಾಲಮ್ಮಿನಲ್ಲಿ ತಿಂಗಳು, ಪಕ್ಕದಲ್ಲಿ ಮಾರಾಟ, ಅದರ ಪಕ್ಕ ಟಾರ್ಗೆಟ್. ಮೇಲಿಂದ ಕೆಳಗಿನವರೆಗೆ ಹದಿನೈದು, ಹದಿನೈದು. ನನ್ನ ಅಂಕಿಗಳೂ ಇದ್ದಂತೆ ಇದ್ದವು.

"ಹಂಗಾದ್ರ ಗೆರಿ ಯಾಕ ಮ್ಯಾಲ ಐತಿ?"

"ಅದು ನಾ ಕೈಲೆ ಎಳದದ್ದಲ್ಲಬೇ, ತಾನ ಬಂದೈತಿ."

ಮೌಸ್ ಕೇಳಿ ಇಸಿದುಕೊಂಡೆ. ಎಪ್ರಿಲ್ ಕಂಬದ ಮೇಲೆ ಬಾಣ ಇಟ್ಟೆ, 22 ಅಂತ ತೋರಿಸಿತು. ಗೆರೆಯ ಮೇಲೆ ಇಟ್ಟೆ, 15. ಇಪ್ಪತ್ತೆರಡು ಕೆಳಗೆ, ಹದಿನೈದು ಮೇಲೆ. ಮತ್ತೊಮ್ಮೆ ಇಟ್ಟು ನೋಡಿದೆ, ಅದೇ. ಆಮೇಲೆ ನನ್ನ ಕಣ್ಣು ಬಲಬದಿಗೆ ಹೋಯಿತು. ಮೊಬೈಲಿನಲ್ಲಿ ಮಸುಕಾಗಿದ್ದದ್ದು ಇಲ್ಲಿ ಓದಲು ಬರುತ್ತಿತ್ತು. ಅಲ್ಲಿಯ ತುದಿ ಹದಿನಾರು. ಎಡದ ತುದಿ ಇಪ್ಪತ್ತೈದು. ಕಂಬಗಳು ಎಡದ ಅಳತೆಗೆ ನಿಂತಿದ್ದವು, ಗೆರೆ ಬಲದ ಅಳತೆಗೆ. ಹದಿನಾರಲ್ಲಿ ಹದಿನೈದು ಎಂದರೆ ತುದಿಗೆ ತಾಗಿದಂತೆಯೇ. ಒಂದೇ ಚಿತ್ರದಲ್ಲಿ ಎರಡು ಅಳತೆಕೋಲು.

"ಅಯ್ಯ, ಸೆಕೆಂಡರಿ ಆಕ್ಸಿಸ್!" ಅಂದರು ಅಕ್ಕಾರ.

ಹೋದ ವರ್ಷ ಅವರು ಬೇರೊಂದು ಚಿತ್ರ ಮಾಡಿದ್ದರಂತೆ. ಕಂಬ ಎಂದರೆ ಮಾರಿದ ಗಾಡಿ, ಗೆರೆ ಎಂದರೆ ಬಿಡಿಭಾಗಗಳಿಂದ ಬಂದ ರೂಪಾಯಿ. ಗಾಡಿ ಹತ್ತಾರು, ರೂಪಾಯಿ ಸಾವಿರಾರು. ಒಂದೇ ಅಳತೆಗೆ ಹಾಕಿದರೆ ಕಂಬಗಳು ಕಾಣುವುದೇ ಇಲ್ಲ. ಅಲ್ಲಿ ಬಲಬದಿಯ ಎರಡನೆಯ ಅಳತೆ, ಅಂದರೆ ಸೆಕೆಂಡರಿ ಆಕ್ಸಿಸ್, ಬೇಕೇ ಬೇಕು, ಸರಿಯಾಗಿಯೇ ಮಾಡಿದ್ದರು. ಈ ಸಲ ಹೊತ್ತಿಲ್ಲದೆ ಅದೇ ಚಿತ್ರವನ್ನು ನಕಲು ಮಾಡಿ ಒಳಗಿನ ಅಂಕಿ ಮಾತ್ರ ಬದಲಿಸಿದ್ದರು. ಗಾಡಿಯನ್ನು ಗಾಡಿಯೊಂದಿಗೇ ಹೋಲಿಸುವಾಗಲೂ ಗೆರೆ ಬಲಗಡೆಯೇ ಉಳಿದಿತ್ತು.

"ತಿಕೋಟಾದ್ದು ಸರಿ ಬಂದೈತಲ್ಲ ಮತ್ತ?" ಅಂದರು.

ಅದನ್ನೂ ತೆರೆದೆವು. ಅಲ್ಲಿ ಟಾರ್ಗೆಟ್ ಮೂವತ್ತು, ಹೆಚ್ಚೆಂದರೆ ಇಪ್ಪತ್ತೊಂಬತ್ತು ಮಾರಿದ್ದರು. ಹಾಗಾಗಿ ಎರಡೂ ಬದಿಯ ತುದಿ ತಾನಾಗಿಯೇ ಮೂವತ್ತೈದಕ್ಕೆ ನಿಂತಿತ್ತು. ಅಳತೆ ಎರಡಿದ್ದರೂ ಒಂದೇ ಆಗಿತ್ತು. ಆ ಚಿತ್ರ ನಿಜ ಹೇಳಿದ್ದರಿಂದಲೇ ನನ್ನದರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

"ನಿಮ್ ಚಿತ್ರದ ಬಲಗಡಿ ತುದೀಗೂ ಇಪ್ಪತ್ತೈದು ಅಂತ ಬರದಬಿಡ್ಲಾ?" ಅಂದರು ಅಕ್ಕಾರ.

"ಬ್ಯಾಡ್ರಿ. ಹಬ್ಬದಾಗ ಮೂವತ್ತು ಮಾರಿದ್ರ ಎಡಗಡೀದು ತಾನ ಬೆಳೀತೈತಿ, ಬಲಗಡೀದು ಅಲ್ಲೇ ಕುಂಡರ್ತೈತಿ. ಮತ್ತ ಇದ ಹಾಡು."

ಅಕ್ಕಾರ ಗೆರೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅದರ ಫಾರ್ಮ್ಯಾಟ್ ತೆರೆದು, ಸೆಕೆಂಡರಿ ಬದಲು ಎಡಬದಿಯ ಪ್ರೈಮರಿ ಆಕ್ಸಿಸ್ ಆರಿಸಿದರು. ಬಲಬದಿಯ ಅಂಕಿಗಳು ಮಾಯವಾದವು. ಗೆರೆ ಜಾರಿ ಹದಿನೈದಕ್ಕೆ ಬಂದು ನಿಂತಿತು. ಆರೂ ಕಂಬಗಳು ಅದನ್ನು ಸೀಳಿಕೊಂಡು ಮೇಲೆದ್ದವು. ಜುಲೈ ಕೂಡ, ತುಸುವೇ ಆದರೂ.

ಮಾಲೀಕರು ತಮ್ಮ ಕೋಣೆಯಲ್ಲಿ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದರು. "ನಿನ್ನೆ ಕೆಳಗ, ಇವತ್ತ ಮ್ಯಾಲ. ಏನ್ ಮಾಟಾ ಮಾಡೀರಿ?"

"ಮಾಟಾ ಅಲ್ರಿ ಸರ್" ಅಂದೆ. "ಜ್ವಾಳಾ ಅಳೀವಾಗ ಕೊಟ್ಟದ್ದು ದೊಡ್ಡ ಸೇರಿನ್ಯಾಗ, ಇಸಗೊಂಡದ್ದು ಸಣ್ಣ ಸೇರಿನ್ಯಾಗ ಅಳದ್ರ ಹೆಂಗರಿ? ಅಂಕಿ ಅವ ಅದಾವು, ಸೇರು ಬ್ಯಾರೆ ಇದ್ದವು."

"ತಪ್ಪು ನಂದ್ರಿ, ಹಳೀ ಚಿತ್ರ ಎತ್ತಿ ಹಾಕೀನಿ" ಅಂದರು ಅಕ್ಕಾರ. ಅವರು ಹಾಗೆ ಎಲ್ಲರ ಮುಂದೆ ಹೇಳಬೇಕಾಗಿರಲಿಲ್ಲ.

ಮಾಲೀಕರು ಮಾರಾಟದ ಅಂಕಿಗಳನ್ನು ಒಂದೊಂದಾಗಿ ಓದಿದರು. ಮುಖ ಸಡಿಲಾಯಿತು. ನನಗೆ ಉಸಿರು ಬಂತು. ಅಷ್ಟರಲ್ಲಿ, "ಹಂಗಾದ್ರ ಹದಿನೈದು ಕಡಿಮಿ ಆತಲ್ಲ. ಕೌಂಟರ್ ಇರ್ಲಿ. ಇನ್ಮ್ಯಾಲ ತಿಂಗಳಿಗೆ ಇಪ್ಪತ್ತೈದು" ಅಂದುಬಿಟ್ಟರು.

ಬಾಗಿಲ ಬಳಿ ನಿಂತಿದ್ದ ತಿಕೋಟಾ ಅಣ್ಣ ಕೆಮ್ಮಿದ. ಅದು ನಗು ಎಂದು ನನಗೆ ತಿಳಿಯಿತು.

ಇಪ್ಪತ್ತೈದಕ್ಕೆ ಹೂಂ ಅಂದರೆ ಮುಂದಿನ ಮಳೆಗಾಲದ ಕಂಬಗಳು ನಿಜವಾಗಿಯೇ ಗೆರೆಯ ಕೆಳಗೆ ಬೀಳುತ್ತಿದ್ದವು. ಆಗ ಯಾವ ಅಳತೆಕೋಲನ್ನೂ ದೂರುವಂತಿಲ್ಲ. "ಸರ್, ಹನ್ನೆರಡೂ ತಿಂಗಳಿಗೆ ಒಂದ ಗೆರಿ ಯಾಕ್ರಿ? ಮಳಿಗಾಲದಾಗ ಹದಿನಾರು ಇಡ್ರಿ. ಮಹಾನವಮಿ, ದೀಪಾವಳಿಗಿ ಇಪ್ಪತ್ತೆಂಟು ಹೇಳ್ರಿ, ನಾ ಒಲ್ಲೆ ಅನ್ನಂಗಿಲ್ಲ."

"ಗೆರಿ ಸೊಟ್ಟ ಆಕ್ಕೈತಲ್ಲಬೇ."

"ಬಬಲೇಶ್ವರದಾಗ ರೈತರ ಕೈಯಾಗ ರೊಕ್ಕಾನೂ ಹಂಗ ಬರ್ತಾವ್ರಿ ಸರ್."

ಅವರು ಅಂಕಿಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು. ಕೊನೆಗೆ ಅಕ್ಕಾರ ಕಡೆ ತಿರುಗಿ, "ಆಕಿ ಹೇಳಿದಂಗ ಹಾಕ್ರಿ" ಅಂದರು. ನನ್ನ ಕಡೆ ಬೆರಳು ತೋರಿಸಿ, "ಇಪ್ಪತ್ತೆಂಟು ನೀನ ಅಂದೀದಿ, ನಾ ಅಂದಿಲ್ಲ."

ಸಂಜೆಯ ಬಸ್ಸು ವಿಜಯಪುರ ದಾಟುವ ಮುನ್ನ ಹೊಸ ಚಿತ್ರ ಗ್ರೂಪಿಗೆ ಬಂತು. ಈ ಸಲ ಮಾರ್ಚ್‌ವರೆಗಿನ ತಿಂಗಳುಗಳಿದ್ದವು. ಈಗಷ್ಟೇ ಶುರುವಾದ ಅಕ್ಟೋಬರ್‌ನ ಜಾಗದಲ್ಲಿ ಕಂಬವೇ ಇರಲಿಲ್ಲ, ಬರೀ ಬಯಲು. ಅದರ ಮೇಲೆ ಗೆರೆ ಮಾತ್ರ ಇಪ್ಪತ್ತೆಂಟಕ್ಕೆ ನೆಗೆದು ನಿಂತಿತ್ತು. ಕುರ್ಚಿ ಉಳಿದ ಸಂತೋಷ ಎಲ್ಲಿ ಹೋಯಿತೋ, ವಾರಕ್ಕೆ ಎಷ್ಟು ಗಾಡಿ ಮಾರಬೇಕೆಂದು ಬೆರಳೆಣಿಸತೊಡಗಿದೆ.

ಕಾಕಾ ಫೋನ್ ಹಚ್ಚಿದರು. "ಯವ್ವಾ, ಇಪ್ಪತ್ತೆಂಟಂತ? ಯಾವ ಶಾಣ್ಯಾ ಹೇಳ್ಯಾನಬೇ ಇದನ್ನ?"

"ನಾನ ಕಾಕಾ."

ಆ ಕಡೆ ಕಾಕಾ ಕೌಂಟರಿನ ಶಟರ್ ಎಳೆದ ಸದ್ದು ಬಂತು. "ಹಂಗಾದ್ರ ನಾಳೆ ಲಗೂನ ಬಾ" ಅಂದರು.