ಆಚಾರ್ರ ಸಿಸಿ ಸಾಲು

ವಿಬುಧೇಂದ್ರಾಚಾರ್ರು ಇರುವೆಯನ್ನೂ ತುಳಿಯದೆ ದಾಟಿಕೊಂಡು ಹೋಗುವ ಮನುಷ್ಯ. ಅಂಥವರು ಒಂದು ಸಾಲಿನ ಮೇಲ್ ಬರೆದು ಒಬ್ಬನ ನೌಕರಿಯನ್ನೇ ಅಲ್ಲಾಡಿಸಿಬಿಟ್ಟರು ಎಂದರೆ ಯಾರೂ ನಂಬುವುದಿಲ್ಲ. ಅವರ ಎದುರು ಮೇಜಿನಲ್ಲಿ ಕೂತು ಎಲ್ಲವನ್ನೂ ನೋಡಿದವಳು ನಾನು, ಜಾಹೆದಾ. ನಂಬಲೇಬೇಕು.

ಹಳ್ಳಿಗಳ ಕುಡಿಯುವ ನೀರಿನ ಘಟಕಗಳನ್ನು ನೋಡಿಕೊಳ್ಳುವ ಕಂಪನಿ ನಮ್ಮದು. ರಾಯಚೂರಿನಲ್ಲಿ ಮುಖ್ಯ ಆಫೀಸು. ಘಟಕ ಕೆಟ್ಟಿದೆ ಎಂದು ಜನ ಬೈಯುವ ಫೋನು ನನ್ನ ಪಾಲಿಗೆ, ಫಿಲ್ಟರು ಪಂಪು ಕಳಿಸುವ ಕೆಲಸ ಆಚಾರ್ರ ಪಾಲಿಗೆ. ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಹಣೆಯ ಮೇಲೆ ಅಂಗಾರ, ಅಕ್ಷತೆ. ಡಬ್ಬಿಯಲ್ಲಿ ಹೆಂಡತಿ ಸತ್ಯಭಾಮಾಬಾಯಿ ಕಟ್ಟಿದ ಅವಲಕ್ಕಿ. ಅದರಲ್ಲಿ ಅರ್ಧ ನನಗೆ, ನಾನು ಬೇಡವೆಂದರೂ.

ಇಲ್ಲಿಗೆ ಬರುವ ಮೊದಲು ಅವರು ಮಾನ್ವಿಯ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಬರೆದುಕೊಡುತ್ತಿದ್ದರು. ಅಜ್ಜನ ಹೆಸರು ಮೇಲೆ, ದೊಡ್ಡಪ್ಪನದು ಆಮೇಲೆ, ಸೋದರಮಾವನಿಗೆ ಬೇರೆ ಸಾಲು. ಒಂದು ಹೆಸರು ಬಿಟ್ಟರೆ ಮುಗಿಯಿತು, ಆ ಮನೆಯವರು ಲಗ್ನಕ್ಕೆ ಬಂದರೂ ಊಟಕ್ಕೆ ಕೂಡುವುದಿಲ್ಲ. ಬಿಟ್ಟುಹೋದ ಒಬ್ಬ ಕಾಕಾನ ಸಲುವಾಗಿ ಪೂರಾ ಪತ್ರಿಕೆ ಮತ್ತೆ ಅಚ್ಚು ಹಾಕಿಸಿದ ಕಥೆಯನ್ನು ಅವರು ಈಗಲೂ ಬೆವರೊರೆಸಿಕೊಂಡೇ ಹೇಳುತ್ತಾರೆ. ಫೋನಿನಲ್ಲೇ ಕರೆಯೋಲೆ ಕಳಿಸುವ ಕಾಲ ಬಂದು ಪ್ರೆಸ್ಸು ಮುಚ್ಚಿತು, ಆಚಾರ್ರು ನಮ್ಮಲ್ಲಿಗೆ ಬಂದರು. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು ಎಂಬಂತೆ ಆ ಪ್ರೆಸ್ಸಿನ ಗುಣವೂ ಅವರ ಜೊತೆ ಬಂತು.

ಕಂಪ್ಯೂಟರಿನಲ್ಲಿ, ಒಂದೇ ಪತ್ರವನ್ನು ಬೇರೆಯವರಿಗೂ ಮುಟ್ಟಿಸುವ ಸಿಸಿ ಎಂಬ ಸಾಲು ಕಂಡ ದಿನ ಅವರ ಮುಖ ಅರಳಿತು. ಯಾರಿಗೆ ಮೇಲ್ ಬರೆದರೂ ಸಿಸಿಯಲ್ಲಿ ಮೊದಲು ಮ್ಯಾನೇಜರ್ ನಾಗವೇಣಿ ಮೇಡಂ, ಆಮೇಲೆ ವಯಸ್ಸಿನ ಪ್ರಕಾರ ಎಲ್ಲ ಶಾಖೆಯವರು.

"ಆಚಾರ್ರ, ಒಂದು ನಲ್ಲಿ ಕಳಸಾಕ ಇಷ್ಟು ಮಂದಿ ಯಾಕ್ರೀ?" ಎಂದು ಒಮ್ಮೆ ಕೇಳಿದೆ.

"ಹಿರಿಯರ ಹೆಸರು ಬಿಡಬಾರದವಾ. ಬಿಟ್ರ ನೊಂದ್ಕೋತಾರ," ಎಂದರು.

ಇವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಎಂದು ನನ್ನ ಫೋನಿನ ಕಡೆ ತಿರುಗಿದೆ.

ದೇವದುರ್ಗದ ಘಟಕಗಳು ಕನಕಪ್ಪನ ಕೈಯಲ್ಲಿದ್ದವು. ಕುರಿ ಕಾಯುವ ಮನೆತನದ ಹುಡುಗ, ಐಟಿಐ ಓದಿದವನು. ಕೆಲಸದಲ್ಲಿ ಚುರುಕು, ಸಿಟ್ಟಿನಲ್ಲಿ ಇನ್ನೂ ಚುರುಕು. ಅವನದು ಇನ್ನೂ ಹಂಗಾಮಿ ನೌಕರಿ. ಕಾಯಂ ಮಾಡುವ ಕಡತ ಆಗ ನಾಗವೇಣಿ ಮೇಡಂ ಮೇಜಿನ ಮೇಲಿತ್ತು. ಕಾಯಂ ಆದೇಶ ಬಂದ ಮೇಲೇ ಲಗ್ನ ಎಂದು ಹುಡುಗಿಯ ಮನೆಯವರು ಕೂತಿದ್ದರು. ಹುಡುಗಿ ರಾಧಾ ದಿನಾ ಫೋನು ಮಾಡಿ ಕೇಳುತ್ತಿದ್ದಳಂತೆ.

ಆ ತಿಂಗಳು ಅವನ ವರದಿ ಬರಲಿಲ್ಲ. ಆಚಾರ್ರು ಮೇಲ್ ಹಾಕಿದರು: "ಕನಕಪ್ಪ ಅವರೇ, ನದಿ ದಂಡೆಯ ಘಟಕದ ವರದಿ ಇನ್ನೂ ತಲುಪಿಲ್ಲ. ದಯವಿಟ್ಟು ಕಳುಹಿಸುವುದು." ಬೆಣ್ಣೆಯಂಥ ಮಾತು. ಆದರೆ ಸಿಸಿಯಲ್ಲಿ ಮೇಡಂ, ಮೇಡಂ ಹಿಂದೆ ಇಡೀ ದಿಬ್ಬಣ.

ಕನಕಪ್ಪ ಬೆಣ್ಣೆ ನೋಡಲಿಲ್ಲ, ದಿಬ್ಬಣ ನೋಡಿದ. ರಿಪ್ಲೈ ಆಲ್ ಒತ್ತಿ ಎಲ್ಲರಿಗೂ ಬಾರಿಸಿದ: "ತಪ್ಪು ಅಳತೆಯ ಫಿಲ್ಟರ್ ಕಳಿಸಿದವರೇ ವರದಿ ಕೇಳುತ್ತಿದ್ದಾರೆ. ಘಟಕ ಬಂದ್ ಇದ್ದರೆ ವರದಿ ಎಲ್ಲಿಂದ ಬರಬೇಕು? ಚಾಡಿ ಹೇಳುವ ಮೊದಲು ನನಗೊಂದು ಫೋನು ಮಾಡಬಹುದಿತ್ತು."

ಆಮೇಲೆ ನಡೆದದ್ದು ಸಂತೆ. ಲಿಂಗಸೂಗೂರಿನವರು "ನಮಗೇಕೆ ಇದು?" ಎಂದು ಎಲ್ಲರಿಗೂ ಬರೆದರು. ಸ್ಟೋರಿನ ಹಫೀಜ್ "ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ" ಎಂದು ಎಲ್ಲರಿಗೂ ಉತ್ತರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಮಧ್ಯಾಹ್ನ ಮೇಡಂ ಕನಕಪ್ಪನ ಕಡತ ಬದಿಗಿಟ್ಟರು ಎಂದು ಗೊತ್ತಾದಾಗ ನಗು ನಿಂತಿತು. ವರದಿ ಕೊಡುವುದಿಲ್ಲ, ಮೇಲೆ ಎಲ್ಲರೆದುರು ಜಗಳ ತೆಗೆಯುತ್ತಾನೆ, ಇನ್ನಷ್ಟು ದಿನ ನೋಡೋಣ ಎಂದಿದ್ದರು.

ಆಚಾರ್ರು ಅವತ್ತು ಅವಲಕ್ಕಿ ಮುಟ್ಟಲಿಲ್ಲ. ಸ್ಟೋರಿಗೆ ಹೋಗಿ ಹುಡುಕಿದರೆ ಮೂಲೆಯಲ್ಲಿ ಕನಕಪ್ಪ ಬಸ್ಸಿಗೆ ಹಾಕಿ ವಾಪಸು ಕಳಿಸಿದ ಫಿಲ್ಟರು ಬಿಚ್ಚದೇ ಬಿದ್ದಿತ್ತು. ಇವರು ಉದ್ದದ್ದು ಕಳಿಸಿದ್ದರು, ಅಲ್ಲಿಗೆ ಬೇಕಾದದ್ದು ಗಿಡ್ಡದ್ದು. ಮರುದಿನ ಸರಿಯಾದದ್ದನ್ನು ಚೀಲದಲ್ಲಿ ಹಾಕಿಕೊಂಡು ತಾವೇ ದೇವದುರ್ಗದ ಬಸ್ಸು ಹತ್ತಿದರು. ಅಲ್ಲಿಯ ಒಂದು ದೂರು ವಿಚಾರಿಸಲು ನಾನೂ ಹೊರಟಿದ್ದೆ.

ಕನಕಪ್ಪ ಮುಖ ಗಂಟು ಹಾಕಿಕೊಂಡೇ ಫಿಲ್ಟರು ಕೂಡಿಸಿದ. ನೀರು ಬಿದ್ದ ಮೇಲೆ ಬಾಯಿ ಬಿಟ್ಟ.

"ನಮ್ಮೂರಾಗ ಒಬ್ಬನ ತಪ್ಪು ಕಂಡ್ರ ಮೊದಲ ಅವನ ಮನಿಗೆ ಹೋಗಿ ಕೇಳ್ತಾರ್ರೀ. ಕೇಳಲಿಲ್ಲಂದ್ರ ಆಮ್ಯಾಲ ಹಿರಿಯರ ದೈವ ಕೂಡಸ್ತಾರ. ನೀವು ಕೇಳೂದಕ್ಕಿಂತ ಮೊದಲ ಊರ ಹಿರಿಯರನ್ನ ಕೂಡಿಸಿ ನನ್ನ ನಡುವ ನಿಲ್ಲಿಸಿದ್ರಿ."

ಆಚಾರ್ರು ದಂಗಾಗಿ ನಿಂತರು. "ಅಯ್ಯ ರಾಮಾ! ನಾ ಲಗ್ನಪತ್ರಿಕಿ ಅಂತ ತಿಳಕೊಂಡು ಹೆಸರು ಹಾಕೇನಪಾ. ಹಿರಿಯರ ಹೆಸರಿದ್ರ ಶೋಭಾ ಅಂತ. ತಪ್ಪಾತು."

ಕನಕಪ್ಪನಿಗೆ ನಗು ಬಂತು. "ನನ್ನ ಲಗ್ನ ನಿಲ್ಲಸಾಕ ಲಗ್ನಪತ್ರಿಕಿ ಬರದ್ರೇನ್ರೀ ಸರ?" ಎಂದ. ಆಮೇಲೆ ನಗು ಬಿಟ್ಟು, "ತಪ್ಪಾತು ಅಂತ ನನ್ನ ಮುಂದ ಹೇಳಿದ್ರಿ. ಅವರೆಲ್ಲಾ ಓದ್ಯಾರಲ್ರೀ, ಅವರಿಗೆ ಯಾರು ಹೇಳ್ತಾರ?" ಎಂದ.

ಆಚಾರ್ರು ವಾಪಸು ಆಫೀಸಿಗೆ ಬಂದವರೇ ಹಳೆಯ ಮೇಲ್ ತೆರೆದು ರಿಪ್ಲೈ ಆಲ್ ಒತ್ತಿದರು. ಮತ್ತೊಂದು ಸಂತೆ ಶುರುವಾಯಿತು ಎಂದುಕೊಂಡೆ. ಆದರೆ ಈ ಸಲ ಅವರ ಲೆಕ್ಕ ಸರಿಯಿತ್ತು, ತಪ್ಪು ಮಾತು ಎಷ್ಟು ಜನರಿಗೆ ಹೋಗಿತ್ತೋ ಸರಿ ಮಾತೂ ಅಷ್ಟೇ ಜನರಿಗೆ ಹೋಗಬೇಕಲ್ಲ. "ಫಿಲ್ಟರಿನ ಅಳತೆ ತಪ್ಪಿದ್ದು ನನ್ನಿಂದ. ಕನಕಪ್ಪ ವಾಪಸು ಕಳಿಸಿದ್ದನ್ನು ನಾನು ನೋಡಿರಲಿಲ್ಲ. ವರದಿ ತಡವಾಗಿದ್ದಕ್ಕೆ ಅವರು ಹೊಣೆಯಲ್ಲ. ಇದಕ್ಕೆ ಉತ್ತರ ಬೇಕಿಲ್ಲ." ಅಷ್ಟೇ. ಕ್ಷಮಾಪಣೆಯ ಪುರಾಣವಿಲ್ಲ.

ಕನಕಪ್ಪನ ಕಡತ ತಡೆಯಬೇಡಿ ಎಂಬ ಮಾತನ್ನು ಬೇರೆ ಮೇಲ್‌ನಲ್ಲಿ, ನೇರ ಮೇಡಂಗೆ ಬರೆದರು. ತನ್ನ ಬಗ್ಗೆ ಏನು ಬರೆದಿದ್ದಾರೆಂದು ತಿಳಿಯಲಿ ಎಂದು ಸಿಸಿಯಲ್ಲಿ ಕನಕಪ್ಪ ಒಬ್ಬನೇ. ಶಾಖೆಯವರು ಯಾರೂ ಇಲ್ಲ. ಮೊದಲಿನ ಮೇಲ್ ಉತ್ತರ ಬೇಕಿಲ್ಲ ಎಂದದ್ದಕ್ಕೆ ಹಫೀಜ್ "ಆಯಿತು" ಎಂದು ಎಲ್ಲರಿಗೂ ಬರೆದ, ಅದು ಬೇರೆ ಮಾತು.

ಮೇಡಂ ಇಬ್ಬರನ್ನೂ ಬಿಡಲಿಲ್ಲ. ಕನಕಪ್ಪನಿಗೆ ಫೋನಿನಲ್ಲಿ ನಾಲಿಗೆಯ ಬಗ್ಗೆ ಬುದ್ಧಿ ಹೇಳಿದರು. ಆಚಾರ್ರಿಗೆ, "ನನ್ನ ಹೆಸರು ಕಂಡ್ರ ನಾ ಏನರ ಮಾಡ್ಬೇಕು ಅಂತ ತಿಳಕೋತೀನ್ರೀ. ಮೊದಲ ಅವರನ್ನ ಕೇಳ್ರಿ. ಎರಡು ಸಲ ಕೇಳಿದ್ರೂ ಬರಲಿಲ್ಲಂದ್ರ, ಮೇಡಂನ್ನ ಸೇರಿಸೇನಿ ಅಂತ ಅವರಿಗೇ ಹೇಳಿ ಸೇರಿಸ್ರಿ," ಎಂದರು. ಆ ವಾರವೇ ಕಡತಕ್ಕೆ ಸಹಿ ಬಿತ್ತು.

ಅಲ್ಲಿಂದ ಆಚಾರ್ರ ಸಿಸಿ ಸಾಲು ಬೋಳಾಯಿತು. ಒಂದು ಹೆಸರು ಹಾಕಬೇಕಿದ್ದರೂ, "ಇವರಿಗೆ ಇದು ಬೇಕೇನವಾ?" ಎಂದು ನನ್ನನ್ನು ಕೇಳಿ ನನ್ನ ಪ್ರಾಣ ತಿನ್ನುತ್ತಿದ್ದರು.

ಮುಂದಿನ ತಿಂಗಳ ಕೊನೆಗೆ ಕನಕಪ್ಪನಿಂದ ಅವರಿಗೊಂದು ಮೇಲ್ ಬಂತು. ಆಚಾರ್ರು ತೆರೆದರು, ನೋಡಿದರು, ಕುರ್ಚಿ ಹಿಂದಕ್ಕೆ ಸರಿಸಿದರು.

"ಜಾಹೆದಾ, ಮೇಡಂ ಹೆಸರು ಅದ."

"ಓದ್ರಿ ಮತ್ತ."

"ನನ್ನ ಕಡಿಂದ ಆಗೂದಿಲ್ಲ. ನೀನ ಓದು."

ಎದ್ದು ಹೋಗಿ ಓದಿದೆ. "ಈ ತಿಂಗಳು ಎಲ್ಲ ಸಾಮಾನು ಸರಿಯಾದ ಅಳತೆಯದು, ಹೇಳಿದ ದಿನಕ್ಕೆ ಬಂದಿದೆ. ದಂಡೆಯ ಊರಿನ ಘಟಕ ಒಂದು ದಿನವೂ ನಿಂತಿಲ್ಲ. ವಿಬುಧೇಂದ್ರ ಸರ್ ಅವರ ಈ ಕೆಲಸ ಮೇಡಂ ಅವರಿಗೂ ತಿಳಿದಿರಲಿ ಎಂದು ಸೇರಿಸಿದ್ದೇನೆ."

ಆಚಾರ್ರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

"ಒಳ್ಳೇದ ಬರದಾನ," ಎಂದರು. "ಆದ್ರ ಓದೂಕಿಂತ ಮೊದಲ ನನ್ನ ಜೀವ ಹೋಗಿತ್ತಲ್ಲವಾ. ಅವತ್ತು ಅವಗೂ ಹಿಂಗ ಆಗಿತ್ತು."

ಆಮೇಲೆ ಉತ್ತರ ಬರೆಯಲು ಕೂತರು. ರಿಪ್ಲೈ ಆಲ್ ಮೇಲೆ ಹೋದ ಕೈಯನ್ನು ಹಿಂದಕ್ಕೆ ತೆಗೆದು, ಕನಕಪ್ಪನೊಬ್ಬನಿಗೇ, "ಲಗ್ನಪತ್ರಿಕೆ ನಾನೇ ಬರೆದುಕೊಡುತ್ತೇನೆ" ಎಂದು ಬರೆದರು.